ಎರಡನೇ ಕೀಲಿಕೈ

ಗದಗಿನ ಕಚೇರಿಯೊಂದಕ್ಕೆ ಹೊಸದಾಗಿ ಸೇರಿದ ಮೊಮ್ಮಗಳು ಕೇಳಿದಳು, ‘ಅಜ್ಜಾ, ಅರ್ಧ ತಾಸು ತಡ ಆದ್ರ ಏನಾತು?’

ಮುಂಡರಗಿಯಲ್ಲಿ ನಾನು ಬ್ಯಾಂಕ್ ಕ್ಯಾಷಿಯರ್ ಆಗಿದ್ದಾಗ ತಿಜೋರಿಗೆ ಎರಡು ಕೀಲಿಕೈ. ಒಂದು ಮ್ಯಾನೇಜರ್ ಬಳಿ, ಇನ್ನೊಂದು ನನ್ನ ಬಳಿ. ಎರಡೂ ಕೂಡದೆ ಬಾಗಿಲು ತೆರೆಯದು. ಒಂದು ದಿನ ಗದಗಿನಲ್ಲಿ ಬಸ್ ತಪ್ಪಿತು. ನಾನು ಮುಟ್ಟಿದಾಗ ಹನ್ನೊಂದು. ಶೇಂಗಾ ಮಾರಿದ ಹಣ ತೆಗೆಯಲು ಬಂದ ರೈತರು ಕಟ್ಟೆಯ ಮೇಲೆ ಸಾಲಾಗಿ ಕುಳಿತಿದ್ದರು. ಸಾಹೇಬರು ಬೈಯಲಿಲ್ಲ, ಗಡಿಯಾರ ನೋಡಿದರು. ‘ತಪ್ಪಾತ್ರೀ ಸರ್’ ಎಂದಷ್ಟೇ ಹೇಳಿ ಕೌಂಟರಿಗೆ ಕೂತೆ. ಊಟದ ಡಬ್ಬಿ ಬಿಚ್ಚಿದ್ದು ಮೂರಕ್ಕೆ. ಮರುದಿನದಿಂದ ಒಂದು ಬಸ್ ಮುಂಚೆ ಹಿಡಿದೆ.

‘ಆಗ ಕೈಯಾಗ ಫೋನ್ ಇರಲಿಲ್ಲ, ನಿನಗೈತಿ. ತಡ ಆಗೋದು ಗೊತ್ತಾದ ಕೂಡಲೇ ಬಸ್‌ಸ್ಟ್ಯಾಂಡಿನಿಂದನ ಹಿರಿಯರಿಗೆ ತಿಳಿಸು. ಆಫೀಸ್ ಮುಟ್ಟಿದ ಮ್ಯಾಲೆ ಅದು ಬ್ಯಾಗಿನಾಗ ಇರಲಿ’ ಎಂದೆ.

‘ಊಟದ ಹೊತ್ತಿಗೆ ನೋಡಬಹುದಲ್ಲ?’

‘ನೋಡು. ಆದ್ರ ನಿನ್ನ ಮುಂದ ಯಾರೂ ಕಾಯ್ತಾ ನಿಂತಿರಬಾರದು.’