ಕಾಲಡಿ ಇರೋದೆಲ್ಲ ಆಣಿ ಅಲ್ಲ

1/7
ಅಂಗಾಲಲ್ಲಿ ಗಟ್ಟಿಯಾಗಿ ಏನು ಎದ್ರೂ ನಮ್ಮಲ್ಲಿ ಅದಕ್ಕೆ ಒಂದೇ ಹೆಸರು: ಆಣಿ. ಅಮ್ಮ ನೋಡಿದ್ರೂ ಆಣಿ, ರೂಮ್‌ಮೇಟ್ ನೋಡಿದ್ರೂ ಆಣಿ, ಮೆಡಿಕಲ್ ಶಾಪಿನವರು ಕಾಲು ನೋಡದೇನೇ ಆಣಿ. ಮುಂದಿನ ಕಥೆ ಎಲ್ಲರಿಗೂ ಗೊತ್ತು. ಮೊದಲು ಒಂದು ಕಾರ್ನ್ ಕ್ಯಾಪ್. ಹೋಗ್ಲಿಲ್ಲ ಅಂದ್ರೆ ಬ್ಲೇಡು. ಅದಕ್ಕೂ ಬಗ್ಗಲಿಲ್ಲ ಅಂದ್ರೆ ಯಾರೋ ಹೇಳಿದ ಸುಣ್ಣ, ಇಲ್ಲಾ ಗೇರೆಣ್ಣೆ.

ನನ್ನ ಜಗಳ ಈ ಅಭ್ಯಾಸದ ಜೊತೆ. ಯಾಕಂದ್ರೆ ಅಲ್ಲಿ ಇರಬಹುದಾದದ್ದು ಒಂದಲ್ಲ, ಮೂರು. ಒಂದು ಜಡ್ಡು: ತಿಕ್ಕಾಟಕ್ಕೆ ಅಗಲವಾಗಿ ದಪ್ಪಗಟ್ಟಿದ ಚರ್ಮ. ಎರಡನೇದು ಆಣಿ: ಒತ್ತಡ ಒಂದೇ ಬಿಂದುವಿನ ಮೇಲೆ ಬಿದ್ದು, ನಡುವೆ ಗಟ್ಟಿ ತಿರುಳು ಕಟ್ಟಿ ಅದು ಮೊಳೆ ಥರ ಒಳಕ್ಕೆ ಒತ್ತುತ್ತೆ. ಮೂರನೇದು ನರಹುಲಿ. ಇದು ಸವೆತವೇ ಅಲ್ಲ, ಸೋಂಕು. ಎಚ್‌ಪಿವಿ ಅನ್ನೋ ವೈರಸ್ಸಿನ ಕೆಲವು ಬಗೆಗಳು ಚರ್ಮದೊಳಗೆ ಹೊಕ್ಕು ಬೆಳೆಸೋದು. ಮೊದಲೆರಡು ಯಾರಿಗೂ ಅಂಟಲ್ಲ. ಮೂರನೇದು ಅಂಟುತ್ತೆ, ನಿಮ್ಮದೇ ಇನ್ನೊಂದು ಕಾಲಿಗೂ ಹಬ್ಬುತ್ತೆ.

ನೋಡದೇ ಹೆಸರಿಟ್ಟರೆ ತಿಂಗಳುಗಟ್ಟಲೆ ಇಲ್ಲದ ಕಾಯಿಲೆಗೆ ಮದ್ದು ಮಾಡ್ತಾ ಕೂರ್ತೀರಿ. ನೋಡೋದು ಹೇಗೆ? ಸ್ವೈಪ್ ಮಾಡಿ.

2/7
ಮೊದಲು ಗೆರೆ ನೋಡಿ.

ಹೆಬ್ಬೆರಳಿನ ತುದೀಲಿ ಗೆರೆ ಇರೋ ಹಾಗೆ ಅಂಗಾಲಿನ ತುಂಬಾನೂ ಗೆರೆ ಇವೆ. ಉತ್ತ ಹೊಲದ ಸಾಲುಗಳ ಹಾಗೆ ಪಕ್ಕಪಕ್ಕದಲ್ಲಿ ಹರೀತವೆ. ಈ ಸಾಲುಗಳ ಅಚ್ಚು ಇರೋದು ಮೇಲಿನ ಸತ್ತ ಪದರದಲ್ಲಲ್ಲ, ಅದರ ಕೆಳಗಿನ ಜೀವಂತ ಚರ್ಮದಲ್ಲಿ.

ಜಡ್ಡು ಕಟ್ಟಿದಾಗ ದಪ್ಪ ಆಗೋದು ಮೇಲಿನ ಸತ್ತ ಪದರ ಮಾತ್ರ. ಕೆಳಗಿನ ಅಚ್ಚು ಹಾಗೇ ಇರುತ್ತೆ. ಹಾಗಾಗಿ ಗೆರೆಗಳು ಜಡ್ಡಿನ ಈ ಕಡೆಯಿಂದ ಹತ್ತಿ ಆ ಕಡೆ ಇಳೀತವೆ, ಎಲ್ಲೂ ಕಡಿಯಲ್ಲ. ನರಹುಲಿಯಲ್ಲಿ ವೈರಸ್ ಅಡ್ಡಗಾಲು ಹಾಕೋದೇ ಆ ಜೀವಂತ ಪದರಕ್ಕೆ. ಅಲ್ಲಿ ಹೊಸ ಅಂಗಾಂಶ ತನಗಿಷ್ಟ ಬಂದ ಹಾಗೆ ಬೆಳೆದು ಸಾಲುಗಳನ್ನ ಬದಿಗೆ ತಳ್ಳುತ್ತೆ. ಗೆರೆಗಳು ಅದರ ಅಂಚಿನವರೆಗೆ ಬಂದು ನಿಲ್ತವೆ, ಇಲ್ಲಾ ಸುತ್ತಿಕೊಂಡು ಹೋಗ್ತವೆ. ಹೊಲದ ಮಧ್ಯೆ ಬಂಡೆ ಸಿಕ್ಕಾಗ ನೇಗಿಲ ಸಾಲು ಬಳಸಿ ಹೋಗೋ ಹಾಗೆ.

ಆಣಿ ಇವೆರಡರ ನಡುವಿನದ್ದು. ಸುತ್ತಲಿನ ದಪ್ಪ ಚರ್ಮದ ಮೇಲೆ ಗೆರೆ ಕಾಣುತ್ತೆ, ಆದರೆ ನಡುವಿನ ತಿರುಳಿನ ಮೇಲೆ ಮಸುಕಾಗಿರಬಹುದು. ಅದಕ್ಕೇ ಬರೀ ಗೆರೆ ನೋಡಿ ಆಣಿಯನ್ನ ತೀರ್ಮಾನ ಮಾಡೋಕಾಗಲ್ಲ. ಎರಡನೇ ಸಾಕ್ಷಿ ಬೇಕು.

ಮನೇಲಿ ನೋಡೋದು ಹೀಗೆ: ಬೆಚ್ಚಗಿನ ನೀರಲ್ಲಿ ಐದು-ಹತ್ತು ನಿಮಿಷ ಕಾಲು ನೆನೆಸಿ, ಒರೆಸಿ, ಇನ್ನೊಂದು ಫೋನಿನ ಟಾರ್ಚನ್ನ ಪಕ್ಕದಿಂದ ಓರೆಯಾಗಿ ಹಿಡಿದು ಫೋಟೋ ತೆಗೆದು ಜೂಮ್ ಮಾಡಿ. ಟಾರ್ಚ್ ನೇರ ಬಿಟ್ಟರೆ ಗೆರೆಗಳ ನೆರಳು ಬೀಳಲ್ಲ, ಏನೂ ಕಾಣಲ್ಲ.

3/7
ಎರಡನೇ ಸಾಕ್ಷಿ, ಕಪ್ಪು ಚುಕ್ಕೆ.

ಇದರ ಬಗ್ಗೆ ಇರುವಷ್ಟು ಕಟ್ಟುಕಥೆ ಇನ್ಯಾವುದರ ಬಗ್ಗೆಯೂ ಇಲ್ಲ. 'ಅದು ನರಹುಲಿಯ ಬೀಜ', 'ಅದೇ ಬೇರು, ಕಿತ್ತರೆ ಹೋಗುತ್ತೆ', 'ಒಳಗೆ ಮಣ್ಣು ಸೇರಿದೆ'. ಮೂರೂ ಸುಳ್ಳು. ಅದು ರಕ್ತ. ನಿಮ್ಮದೇ ರಕ್ತ.

ನರಹುಲಿ ಬೆಳೆಯುವಾಗ ಕೆಳಗಿನ ಪದರದಲ್ಲಿರೋ ಕೂದಲಿಗಿಂತ ಸಣ್ಣ ರಕ್ತನಾಳಗಳು ಅದರ ಜೊತೆ ಉದ್ದಕ್ಕೆ ಎಳೆದುಕೊಂಡು ಮೇಲಕ್ಕೆ ಬರ್ತವೆ. ನೀವು ಅದರ ಮೇಲೆ ಭಾರ ಹಾಕಿ ಓಡಾಡ್ತೀರಿ. ಒತ್ತಡಕ್ಕೆ ಕೆಲವು ನಾಳಗಳೊಳಗೆ ರಕ್ತ ಹೆಪ್ಪುಗಟ್ಟಿ ಕಪ್ಪಾಗುತ್ತೆ. ಮೇಲಿಂದ ನೋಡಿದಾಗ ಆ ನಾಳದ ತುದಿ ಸೂಜಿಮೊನೆಯಷ್ಟು ಚುಕ್ಕೆಯಾಗಿ ಕಾಣುತ್ತೆ, ಅಷ್ಟೇ.

ಆಣಿಯಲ್ಲಿ ಹೀಗೆ ಮೇಲೆದ್ದ ನಾಳಗಳಿಲ್ಲ. ಅದಕ್ಕೇ ಚರ್ಮದ ಡಾಕ್ಟ್ರು ಮೇಲಿನ ಸತ್ತ ಚರ್ಮವನ್ನ ತೆಳುವಾಗಿ ಹೆರೆದು ನೋಡ್ತಾರೆ. ಆಣಿಯಾದ್ರೆ ಒಳಗೆ ಗಾಜಿನ ಥರ ಹೊಳೆಯೋ ತಿರುಳು ಕಾಣುತ್ತೆ, ರಕ್ತ ಇಲ್ಲ. ಜಡ್ಡಾದ್ರೆ ಬರೀ ಹಳದಿ ಚರ್ಮ, ಮೇಲೆ ಗೆರೆ. ನರಹುಲಿಯಾದ್ರೆ ಚುಕ್ಕೆಗಳು ತೆರೆದುಕೊಳ್ತವೆ, ಸೂಜಿಮೊನೆಯಷ್ಟೇ ರಕ್ತ ಜಿನುಗುತ್ತೆ.

ಗಮನಿಸಿ: ಚುಕ್ಕೆ ಕಾಣ್ತಿಲ್ಲ ಅಂದ ಮಾತ್ರಕ್ಕೆ ನರಹುಲಿ ಅಲ್ಲ ಅಂತಲ್ಲ. ಎಷ್ಟೋ ಸಲ ಅದರ ಮೇಲೂ ಜಡ್ಡು ಕೂತು ಚುಕ್ಕೆ, ಗೆರೆ ಎರಡನ್ನೂ ಮುಚ್ಚಿರುತ್ತೆ. ಹೆರೆದಾಗಲೇ ಬಯಲಾಗೋದು.

4/7
'ಹಾಗಾದ್ರೆ ನಾವೇ ಬ್ಲೇಡಲ್ಲಿ ಹೆರೆದು ನೋಡೋಣ' ಅಂತ ಕಮೆಂಟ್ ಹಾಕೋಕೆ ಮುಂಚೆ ಇದನ್ನ ಓದಿ.

ನರಹುಲಿಗೆ ಬೇರಿಲ್ಲ. ಅದು ಬೆಳೆಯೋದು ಚರ್ಮದ ಮೇಲ್ಪದರದಲ್ಲಿ ಮಾತ್ರ. ಭಾರಕ್ಕೆ ಒಳಗೆ ಕುಸಿದಿರೋದರಿಂದ ಆಳವಾಗಿದೆ ಅನಿಸುತ್ತೆ, ಮೂಳೆಯವರೆಗೆಲ್ಲ ಇಳಿಯಲ್ಲ. ಬೇರು ಕೀಳ್ತೀನಿ ಅಂತ ಅಗೆದರೆ ನೀವು ಮುಟ್ಟೋದು ಕೆಳಗಿನ ಒಳ್ಳೇ ಚರ್ಮ. ಅಲ್ಲಿ ಗಾಯವಾದ್ರೆ ಕಲೆ ಉಳಿಯುತ್ತೆ, ಅಂಗಾಲಿನ ಕಲೆ ಪ್ರತಿ ಹೆಜ್ಜೆಗೂ ನೋಯಬಹುದು. ನರಹುಲಿ ಒಂದಲ್ಲ ಒಂದು ದಿನ ಹೋಗುತ್ತೆ, ಕಲೆ ಹೋಗಲ್ಲ.

ಇನ್ನೊಂದು, ಕತ್ತರಿಸಿದ ಜಾಗದಿಂದ ವೈರಸ್ ಬ್ಲೇಡಿಗೆ ಬರುತ್ತೆ. ಅದೇ ಬ್ಲೇಡು ಪಕ್ಕದ ಚರ್ಮವನ್ನ ಗೀರಿದ್ರೆ ಅಲ್ಲಿ ಹೊಸದೊಂದಕ್ಕೆ ದಾರಿ. ಅದೇ ಬ್ಲೇಡು ರೂಮ್‌ಮೇಟ್ ಕೈಗೆ ಹೋದ್ರೆ ಅವನಿಗೂ ದಾರಿ.

ಹೆರೆಯೋದು ಅಂದ್ರೆ ಸತ್ತ ಪದರವನ್ನ ಮಾತ್ರ ಎತ್ತೋದು, ಜೀವಂತ ಪದರ ಬರೋಕೆ ಮುಂಚೆ ನಿಲ್ಲಿಸೋದು. ಕೈ ಪಳಗಿದವರ ಕೆಲಸ ಅದು, ಹಾಸ್ಟೆಲ್ ಬಾತ್‌ರೂಮಿನದ್ದಲ್ಲ.

5/7
ಒಂದು ಕೇಸ್ ಹೇಳ್ತೀನಿ. ಹೆಸರು ಬೇಡ, ಕಬಡ್ಡಿ ಆಡೋ ಹುಡುಗ.

ಬಲಗಾಲಲ್ಲಿ, ಹೆಬ್ಬೆರಳಿನ ಬುಡದ ಉಬ್ಬಿನ ಮೇಲೆ, ಮೆಣಸಿನಕಾಳಿಗಿಂತ ಸ್ವಲ್ಪ ದೊಡ್ಡದು. ಭಾರ ಬೀಳೋ ಜಾಗ ಆದ್ದರಿಂದ ಎಲ್ಲರೂ ಆಣಿ ಅಂದ್ರು. ನಾಲ್ಕು ತಿಂಗಳಲ್ಲಿ ಮೂರು ಸಲ ಕಾರ್ನ್ ಕ್ಯಾಪ್ ಹಚ್ಚಿದ. ಪ್ರತಿ ಸಲ ಬಿಳೀ ಚರ್ಮ ಸುಲಿದು ಬಂತು, ಹೋಯ್ತು ಅಂತ ಬಿಟ್ಟ, ಮತ್ತೆ ಬಂತು. ಮಧ್ಯೆ ಒಂದು ದಿನ ಕಪ್ಪು ಚುಕ್ಕೆ ಕಂಡು ಮುಳ್ಳು ಅಂದುಕೊಂಡು ಪಿನ್ನಿನಿಂದ ಕೆದಕಿದ. ಮುಳ್ಳು ಸಿಗಲಿಲ್ಲ, ರಕ್ತ ಬಂತು. ಕೆಲವು ವಾರ ಕಳೆದ ಮೇಲೆ ಪಕ್ಕದಲ್ಲೇ ಎರಡು ಪುಟ್ಟವು ಎದ್ದವು.

ಆ ಎರಡೇ ಗುಟ್ಟು ಬಿಟ್ಟುಕೊಟ್ಟಿದ್ದು. ಆಣಿ ಮರಿ ಹಾಕಲ್ಲ. ದೊಡ್ಡದರ ಮೇಲೆ ಜಡ್ಡು ಕೂತು ಏನೂ ಕಾಣ್ತಿರಲಿಲ್ಲ, ಆದರೆ ಚಿಕ್ಕವುಗಳ ಅಂಚಲ್ಲಿ ಗೆರೆ ಕಡಿದಿದ್ದು ಫೋಟೋದಲ್ಲೇ ಗೊತ್ತಾಗ್ತಿತ್ತು. ನೇರವಾಗಿ ಒತ್ತಿದಾಗಿಗಿಂತ ಎರಡೂ ಬದಿಯಿಂದ ಚಿವುಟಿದಾಗ ಜಾಸ್ತಿ ನೋವು. ಆಣಿ ಸಾಮಾನ್ಯವಾಗಿ ಇದಕ್ಕೆ ಉಲ್ಟಾ, ನೇರ ಒತ್ತಿದ್ರೆ ಚುಚ್ಚುತ್ತೆ. (ಚಿವುಟಿ ನೋಡೋದು ಸುಳಿವು ಅಷ್ಟೇ, ತೀರ್ಪಲ್ಲ.) ಚರ್ಮದ ಡಾಕ್ಟ್ರು ದೊಡ್ಡದನ್ನ ಹೆರೆದಾಗ ಏಳೆಂಟು ಚುಕ್ಕೆ, ಜಿನುಗೋ ರಕ್ತ. ನರಹುಲಿ. ನಾಲ್ಕು ತಿಂಗಳು ಅದೇ ಕಾಲಲ್ಲಿ ಬರಿಗಾಲಲ್ಲಿ ಮ್ಯಾಟ್ ಮೇಲೆ ಆಡಿದ್ದಾನೆ, ಇಡೀ ಟೀಮಿನ ಜೊತೆ.

6/7
ಈಗ ಬುದ್ಧಿವಂತರ ಪ್ರಶ್ನೆ: 'ಕಾರ್ನ್ ಕ್ಯಾಪಲ್ಲಿ ಇರೋದು ಸ್ಯಾಲಿಸಿಲಿಕ್ ಆಸಿಡ್. ನರಹುಲಿಗೆ ಡಾಕ್ಟ್ರು ಬರೆಯೋದೂ ಅದೇ. ಮತ್ತೆ ಹೆಸರು ಯಾವುದಾದ್ರೇನು?'

ಆಸಿಡ್ ಒಂದೇ ನಿಜ, ಕೆಲಸ ಒಂದೇ ಅಲ್ಲ. ಆಣಿಗೆ ಅದು ತಿರುಳು ಮೆತ್ತಗೆ ಮಾಡುತ್ತೆ, ಅಷ್ಟು ಸಾಕು. ಆದರೆ ಆಣಿ ಹುಟ್ಟಿಸಿದ ಬಿಗಿ ಶೂ ಹಾಗೇ ಇದ್ರೆ ಮತ್ತೆ ಬರುತ್ತೆ. ಅಲ್ಲಿ ನಿಜವಾದ ಮದ್ದು ಶೂ ಬದಲಿಸೋದು, ಒತ್ತಡ ಬೀಳದ ಹಾಗೆ ಪ್ಯಾಡ್ ಇಡೋದು. ನರಹುಲಿಗೆ ಶೂ ಬದಲಿಸಿ ಏನೂ ಆಗಲ್ಲ. ಅಲ್ಲಿ ಆಸಿಡ್ಡನ್ನ ಬಿಡದೆ, ಸಾಮಾನ್ಯವಾಗಿ 12 ವಾರದವರೆಗೆ ಹಚ್ಚಬೇಕು. ನೆನೆಸಿ, ಸತ್ತ ಚರ್ಮ ಉಜ್ಜಿ, ಸುತ್ತಲಿನ ಒಳ್ಳೇ ಚರ್ಮಕ್ಕೆ ತಾಗದ ಹಾಗೆ. ಉಜ್ಜೋ ಫೈಲು ಅದಕ್ಕೇ ಮೀಸಲು, ಬೇರೆಯವರಿಗೆ ಕೊಡಂಗಿಲ್ಲ. ಮೂರು ದಿನ ಹಚ್ಚಿ ಬಿಟ್ಟರೆ ಮೇಲಿನ ತೊಗಟೆ ಹೋಗುತ್ತೆ, ವೈರಸ್ ಅಲ್ಲೇ ಇರುತ್ತೆ. ಆ ಹುಡುಗನಿಗೆ ಆಗಿದ್ದು ಅದೇ.

'ಐಸಿಂಗ್ ಮಾಡಿಸಿದ್ರೆ ಒಂದೇ ಸಲಕ್ಕೆ ಹೋಗುತ್ತೆ' ಅನ್ನೋರಿಗೆ: 2011ರಲ್ಲಿ ಬಿಎಂಜೆ ಪತ್ರಿಕೆಯಲ್ಲಿ ಬಂದ ಒಂದು ಅಧ್ಯಯನದಲ್ಲಿ ಅಂಗಾಲಿನ ನರಹುಲಿ ಇದ್ದ 240 ಜನರಲ್ಲಿ ಕೆಲವರಿಗೆ ದ್ರವ ಸಾರಜನಕದಿಂದ ಹೆಪ್ಪುಗಟ್ಟಿಸೋ ಚಿಕಿತ್ಸೆ, ಉಳಿದವರಿಗೆ ಮನೇಲೇ ಹಚ್ಚೋ 50% ಸ್ಯಾಲಿಸಿಲಿಕ್ ಆಸಿಡ್ ಕೊಟ್ಟಿದ್ರು. 12 ವಾರದ ಹೊತ್ತಿಗೆ ಎರಡೂ ಗುಂಪಲ್ಲಿ ಪೂರ್ತಿ ವಾಸಿಯಾಗಿದ್ದು ಸುಮಾರು 14% ಜನಕ್ಕೆ. ಅಂದ್ರೆ ಅಂಗಾಲಿನ ನರಹುಲಿ ಹಠಮಾರಿ. ಒಂದೇ ವಾರದಲ್ಲಿ ಗ್ಯಾರಂಟಿ ಅಂತ ರೀಲ್ಸ್ ಹಾಕೋರನ್ನ ನಂಬಬೇಡಿ. ಎಷ್ಟೋ ನರಹುಲಿ ಕಾಲ ಕಳೆದ ಹಾಗೆ ತಾವಾಗೇ ಹೋಗ್ತವೆ, ಆ ಪುಣ್ಯ ಕೊನೆಗೆ ಸುಣ್ಣ ಹಚ್ಚಿದವರ ಖಾತೆಗೆ ಸೇರುತ್ತೆ.

7/7
ಕೊನೇದಾಗಿ, ಕಪ್ಪು ಕಂಡಿದ್ದೆಲ್ಲ ನರಹುಲಿ ಅಂತಾನೂ ಅನ್ನಬೇಡಿ. ಇದು ಮೊದಲ ತಪ್ಪಿನ ಇನ್ನೊಂದು ಮುಖ.

ಬಾಸ್ಕೆಟ್‌ಬಾಲ್, ಟೆನಿಸ್ ಥರ ಗಕ್ಕಂತ ನಿಂತು ತಿರುಗೋ ಆಟ ಆಡೋರಿಗೆ ಹಿಮ್ಮಡಿ ಅಂಚಲ್ಲಿ ಕಪ್ಪು ಚುಕ್ಕೆಗಳ ಗುಂಪು ಬರಬಹುದು. ಅದೂ ಒಣಗಿದ ರಕ್ತವೇ, ಆದರೆ ಸತ್ತ ಪದರದಲ್ಲಿ ಸಿಕ್ಕಿಕೊಂಡದ್ದು. ಅಲ್ಲಿ ಗಂಟಿಲ್ಲ, ಗೆರೆ ಕಡಿದಿಲ್ಲ. ಆಟಕ್ಕೆ ಬಿಡುವು ಕೊಟ್ರೆ ಚರ್ಮದ ಜೊತೆ ಉದುರಿ ಹೋಗುತ್ತೆ.

ಆದರೆ ಚುಕ್ಕೆ ಅಲ್ಲ, ಮಚ್ಚೆ. ಕಪ್ಪೋ ಕಂದೋ ಬಣ್ಣ, ಅಂಚು ಅಂಕುಡೊಂಕು, ದಿನ ಕಳೆದಂತೆ ಅಗಲ ಆಗ್ತಿದೆ, ಇಲ್ಲಾ ಹುಣ್ಣಾಗಿದೆ. ಹಾಗಿದ್ರೆ ಕ್ಯಾಪು, ಬ್ಲೇಡು, ಆಸಿಡ್ ಯಾವುದೂ ಬೇಡ, ಬೇಗ ಚರ್ಮದ ಡಾಕ್ಟ್ರ ಹತ್ರ ಹೋಗಿ. ಅಂಗಾಲಲ್ಲಿ, ಉಗುರಡಿ ಬರೋ ಮೆಲನೋಮ ಅನ್ನೋ ಕ್ಯಾನ್ಸರ್ ಅಪರೂಪ, ಆದರೆ ನಮ್ಮಂಥ ಕಂದು-ಕಪ್ಪು ಚರ್ಮದವರಲ್ಲಿ ಮೆಲನೋಮ ಬಂದ್ರೆ ಹೆಚ್ಚಾಗಿ ಕಾಣಿಸೋ ಜಾಗ ಇವೇ. ಬಾಬ್ ಮಾರ್ಲಿಗೆ ಬಂದದ್ದು ಕಾಲ್ಬೆರಳಿನ ಉಗುರಡಿ. 1977ರಲ್ಲಿ ಪತ್ತೆ ಆಯ್ತು, 1981ರಲ್ಲಿ ತೀರಿಕೊಂಡರು.

ಮನೇಲಿ ಅಜ್ಜಿಗೋ ಅಪ್ಪನಿಗೋ ಶುಗರ್ ಇದ್ರೆ, ಕಾಲಲ್ಲಿ ಸ್ಪರ್ಶ ಕಮ್ಮಿ ಇದ್ರೆ, ಅವರ ಕಾಲಿಗೆ ಕಾರ್ನ್ ಕ್ಯಾಪ್ ಹಚ್ಚಲೇಬೇಡಿ. ಆಸಿಡ್ ಸುಟ್ಟರೂ ಅವರಿಗೆ ಗೊತ್ತಾಗಲ್ಲ. ಆ ಗಾಯ ವಾಸಿಯಾಗದೆ ಬೆರಳೇ ತೆಗೀಬೇಕಾಗಿ ಬರಬಹುದು.

ಮುಂದಿನ ಸಲ ಯಾರಾದ್ರೂ ಕಾಲು ತೋರಿಸಿದ್ರೆ 'ಆಣಿ ಬಿಡೋ' ಅನ್ನೋಕೆ ಮುಂಚೆ ಟಾರ್ಚ್ ಓರೆ ಹಿಡೀರಿ. ಗೆರೆ ದಾಟಿ ಹೋಗ್ತಿದ್ಯಾ, ಕಡಿದು ನಿಂತಿದ್ಯಾ? ಚುಕ್ಕೆ ಇದ್ಯಾ? ಪಕ್ಕದಲ್ಲಿ ಮರಿ ಎದ್ದಿದ್ಯಾ? ಇಷ್ಟು ನೋಡಿ ಆಮೇಲೆ ಹೆಸರಿಡಿ. ಹಾಸ್ಟೆಲ್ ಗ್ರೂಪಲ್ಲಿ ಬ್ಲೇಡ್ ಹಂಚಿಕೊಳ್ಳೋ ಒಬ್ಬ ಇದ್ದೇ ಇರ್ತಾನೆ, ಅವನನ್ನ ಟ್ಯಾಗ್ ಮಾಡಿ.

#ಗೆರೆನೋಡಿ #ಆಣಿಯಲ್ಲ_ನರಹುಲಿ #ಬ್ಲೇಡ್‌ಬೇಡ