‘ಖೋ’ ಎಂಬ ಕೂಗಿಗೆ ಬೆದರುವ ಬಾಲಕ

ವಿಜಯಪುರದ ಸ್ಟೇಷನ್ ರಸ್ತೆಯ ಬದಿಯ ಒಂದು ಶಾಲೆಯನ್ನು ಕಲ್ಪಿಸಿಕೊಳ್ಳೋಣ. ಅಲ್ಲಿಯ ಐದನೆಯ ತರಗತಿಯಲ್ಲಿ ಸ್ವಲೀನತೆ, ಅಂದರೆ ಆಟಿಸಂ ಉಳ್ಳ ಬಾಲಕನೊಬ್ಬನಿದ್ದಾನೆ. ಗಣಿತದ ಅವಧಿಯಲ್ಲಿ ಶಾಂತನಾಗಿರುವ ಆತನು ಆಟದ ಅವಧಿ ಬಂದೊಡನೆ ಕಿವಿ ಮುಚ್ಚಿಕೊಂಡು ಗೋಡೆಯ ಕಡೆಗೆ ಓಡುತ್ತಾನೆ. ಹಟಮಾರಿಯೆಂದು ಕೆಲವರು ಆಡಿಕೊಳ್ಳುತ್ತಾರೆ. ಕೊನೆಗೆ ಆತನನ್ನು ವರ್ಗದಲ್ಲಿಯೇ ಕೂರಿಸುವುದು ರೂಢಿಯಾಗಿಬಿಡುತ್ತದೆ.

ಓದುಗ ಬಂಧುಗಳೇ, ಇದರ ಕಾರಣವು ಹಟವಲ್ಲ, ಆಟದ ರೀತಿಯಲ್ಲಿಯೇ ಇದೆ. ಖೋಖೋದಲ್ಲಿ ಎಂಟು ಜನರು ಸಾಲಾಗಿ ಕುಳಿತಿರುತ್ತಾರೆ. ಅಟ್ಟುವವನು ಹಿಂದಿನಿಂದ ಬಂದು ಬೆನ್ನು ಮುಟ್ಟಿ ‘ಖೋ’ ಎಂದು ಕೂಗುತ್ತಾನೆ. ಯಾರ ಸರದಿ ಯಾವಾಗ ಬರುವುದೆಂದು ತಿಳಿಯದು. ಸದ್ದು ಸ್ಪರ್ಶಗಳು ತೀವ್ರವಾಗಿ ತಾಗುವ ಮಗುವಿಗೆ ಇದು ಹೊಡೆತದಂತೆಯೇ ಭಾಸವಾಗಬಹುದು.

ಮೊದಲ ಉಪಾಯ ಚಿತ್ರಪಟ್ಟಿ. ಒಂದು ರಟ್ಟಿನ ಮೇಲೆ ಐದು ಚಿತ್ರಗಳನ್ನು ಕ್ರಮವಾಗಿ ಅಂಟಿಸಬೇಕು: ಸಾಲು ನಿಲ್ಲುವುದು, ಎರಡು ಸುತ್ತು ಓಟ, ಖೋಖೋ, ನೀರು ಕುಡಿಯುವುದು, ವರ್ಗಕ್ಕೆ ಮರಳುವುದು. ಒಂದೊಂದು ಮುಗಿದಂತೆ ಮಗುವೇ ಆ ಚಿತ್ರವನ್ನು ಮಗುಚಿಡಬೇಕು. ಮಳೆಯಿಂದಾಗಿ ಆಟ ರದ್ದಾಗುವುದಾದರೆ ಪ್ರಾರ್ಥನೆಯ ವೇಳೆಗೇ ಚಿತ್ರವನ್ನು ಬದಲಿಸಿ ತೋರಿಸತಕ್ಕದ್ದು. ಚಿತ್ರ ಅರ್ಥವಾಗದ ಮಗುವಿಗೆ ಚೆಂಡು, ಲೋಟ ಮುಂತಾದ ನಿಜವಸ್ತುಗಳನ್ನೇ ತೋರಿಸಬಹುದು.

ಎರಡನೆಯದು ನಿಶ್ಚಿತ ಕ್ರಮ. ಮೊದಲ ವಾರಗಳಲ್ಲಿ ‘ಖೋ’ ಕೊಡುವುದು ಒಂದರಿಂದ ಎಂಟರವರೆಗೆ ಸರದಿಯಂತೆಯೇ ನಡೆಯಲಿ. ಮುಟ್ಟುವವನು ಎದುರಿನಿಂದ ಬಂದು ಭುಜವನ್ನು ಮುಟ್ಟಲಿ. ಮಗು ಒಗ್ಗಿದ ಬಳಿಕ ಹಿಂದಿನಿಂದ ಮುಟ್ಟುವುದನ್ನು, ಅನಂತರ ಸರದಿ ಬದಲಿಸುವುದನ್ನು, ಒಮ್ಮೆಗೆ ಒಂದರಂತೆ ಸೇರಿಸಬೇಕು. ಸೀಟಿ ಊದುವ ಮುನ್ನ ಶಿಕ್ಷಕರು ಕೈಯೆತ್ತಿ ಸೂಚನೆ ಕೊಡಲಿ.

ಮೂರನೆಯದು ಶಾಂತ ಸ್ಥಳ. ಶಿಕ್ಷಕರ ಕಣ್ಣಿಗೆ ಕಾಣುವಂತೆ, ಗದ್ದಲದಿಂದ ದೂರವಾಗಿ, ಮರದಡಿಯಲ್ಲಿ ಒಂದು ಚಾಪೆ ಹಾಸಿದರೆ ಸಾಕು. ಮಗು ‘ವಿಶ್ರಾಂತಿ’ ಚೀಟಿಯನ್ನು ತೋರಿಸಿ ಅಲ್ಲಿಗೆ ಹೋಗಬಹುದು. ಸಮಾಧಾನವಾದ ಮೇಲೆ ಪಟ್ಟಿಯಲ್ಲಿ ಆಗ ನಡೆಯುತ್ತಿರುವ ಆಟಕ್ಕೆ ಮರಳುವುದು. ತಪ್ಪು ಮಾಡಿದವರನ್ನು ಅದೇ ಚಾಪೆಗೆ ಕಳುಹಿಸಿದರೆ ಅದು ಶಿಕ್ಷೆಯ ಸ್ಥಳವಾಗುತ್ತದೆ. ಮಗು ಅಲ್ಲಿಗೆ ಹೋಗಲು ಅಂಜುತ್ತದೆ.

ಮಗು ಯಾವ ಚಿತ್ರದ ವೇಳೆಗೆ ಹೊರನಡೆಯಿತೆಂದು ಶಿಕ್ಷಕರು ದಿನವೂ ಗುರುತಿಟ್ಟುಕೊಳ್ಳಲಿ. ಪ್ರತಿದಿನ ಖೋಖೋದಲ್ಲಿಯೇ ಹೋಗುತ್ತಿದ್ದರೆ ಬದಲಾಗಬೇಕಾದುದು ಆ ಹೆಜ್ಜೆ, ಮಗುವಲ್ಲ. ಇಡೀ ಅವಧಿ ಚಾಪೆಯ ಮೇಲೆಯೇ ಕಳೆಯುತ್ತಿದ್ದರೆ ಆಟವು ಇನ್ನೂ ಕಠಿಣವಾಗಿದೆಯೆಂದು ತಿಳಿಯಬೇಕು. ಮಗು ಚೆನ್ನಾಗಿ ಆಡತೊಡಗಿತೆಂದು ಪಟ್ಟಿಯನ್ನು ತೆಗೆದುಹಾಕುವುದು ಸಾಮಾನ್ಯವಾಗಿ ನಡೆಯುವ ತಪ್ಪು. ಆ ಪಟ್ಟಿಯ ಆಧಾರದಿಂದಲೇ ಅದು ಆಡುತ್ತಿರುತ್ತದೆ.

2016ರ ವಿಕಲಚೇತನರ ಹಕ್ಕುಗಳ ಅಧಿನಿಯಮದ 16ನೆಯ ಕಲಮು ಆಟೋಟಗಳಲ್ಲಿಯೂ ಇತರ ಮಕ್ಕಳಿಗೆ ಸಮನಾದ ಅವಕಾಶವನ್ನು ವಿಧಿಸಿದೆ. ಆದುದರಿಂದ ತಂದೆತಾಯಿಗಳು ಮುಖ್ಯೋಪಾಧ್ಯಾಯರಲ್ಲಿ ಇದನ್ನು ಸಂಕೋಚವಿಲ್ಲದೆ ಕೇಳಬಹುದು. ಹಿಂದಿನ ರಾತ್ರಿ ಅದೇ ಐದು ಚಿತ್ರಗಳನ್ನು ಮನೆಯಲ್ಲಿ ಮಗುವಿನೊಡನೆ ಒಮ್ಮೆ ನೋಡಿದರೆ, ಮರುದಿನ ಮೈದಾನವು ಅದಕ್ಕೆ ಅಪರಿಚಿತವಾಗಿರದು.