ಇಡ್ಲಿ ಹಿಟ್ಟಿನ್ಯಾಗ ಎಲುಬಾ? ಫಾರ್ವರ್ಡ್ ಮಾಡೋಕಿಂತ ಮುಂಚೆ ಓದ್ರಿ

ದೋಸ್ತ್‌ರೇ, ಇದು ಸ್ವಲ್ಪ ಉದ್ದ ಐತಿ. ಪೂರ್ತಿ ಓದ್ರಿ.

2021ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನ ಐಡಿ ಫ್ರೆಶ್ ಫುಡ್ ಬಗ್ಗೆ ಒಂದು ಪೋಸ್ಟ್ ವೈರಲ್ ಆಯ್ತು. ಇಡ್ಲಿ-ದೋಸೆ ಹಿಟ್ಟು ಜಾಸ್ತಿ ಆಗ್ಲಿ ಅಂತ ಅದರಾಗ ದನದ ಎಲುಬು, ಕರುವಿನ ಹೊಟ್ಟೆಯ ರೆನೆಟ್ ಹಾಕ್ತಾರ ಅಂತ. ಅಲ್ಲಿ ಕೆಲಸ ಮಾಡೋರ ಧರ್ಮದ ಮಾತನ್ನೂ ಜೋಡಿಸಿದ್ರು. ಪಿ.ಸಿ. ಮುಸ್ತಫಾ ಮತ್ತು ಅವರ ಕಸಿನ್‌ಗಳು 2005ರಲ್ಲಿ ಒಂದು ಸಣ್ಣ ಅಡುಗೆಮನೆಯಲ್ಲಿ ಶುರು ಮಾಡಿದ ಕಂಪನಿ ಇದು.

ಕಂಪನಿ ಕೊಟ್ಟ ಉತ್ತರ ನೋಡ್ರಿ. ಬೈಗುಳ ಇಲ್ಲ, ಅಳು ಇಲ್ಲ. ನಮ್ಮ ಹಿಟ್ಟಿನಲ್ಲಿರೋದು ಅಕ್ಕಿ, ಉದ್ದಿನಬೇಳೆ, ನೀರು, ಮೆಂತ್ಯ ಅಷ್ಟೇ, ಪ್ರಾಣಿಜನ್ಯ ಪದಾರ್ಥ ಯಾವ ಪ್ರಾಡಕ್ಟ್‌ನಲ್ಲೂ ಇಲ್ಲ ಅಂದ್ರು. ಧರ್ಮದ ಜಗಳಕ್ಕ ಇಳೀದೇ ಹಿಟ್ಟಿನ ಬಗ್ಗೆ ಮಾತಾಡಿದ್ರು. ಕೆಲವರು ಇದನ್ನ "ಸಪ್ಪೆ ಉತ್ತರ" ಅಂತಾರ. ನನಗಂತೂ ಇದೇ ಗಟ್ಟಿ ಉತ್ತರ.

"ಕಂಪನಿ ತನ್ನ ಹಿಟ್ಟು ತಾನೇ ಚೊಲೋ ಅಂದ್ರ ನಂಬಬೇಕಾ?" ಅಂತೀರಿ. ನಂಬಬ್ಯಾಡ್ರಿ, ಚೆಕ್ ಮಾಡ್ರಿ. "ನಾವು ಜನರ ವಿಶ್ವಾಸದ ಬ್ರ್ಯಾಂಡ್" ಅಂದಿದ್ರ ಚೆಕ್ ಮಾಡಾಕ ಏನೂ ಇರ್ತಿರಲಿಲ್ಲ. ನಾಲ್ಕು ಪದಾರ್ಥದ ಹೆಸರು ಹೇಳಿದ ಮ್ಯಾಲೆ ಪ್ಯಾಕೆಟ್ ತಿರುಗಿಸಿ ನೋಡಬಹುದು. ಎಲುಬಿನಂಥ ಪ್ರಾಣಿಜನ್ಯ ಪದಾರ್ಥ ಇದ್ರ ಹಸಿರು ಚುಕ್ಕಿ ಹಾಕಂಗಿಲ್ಲ. ಲೇಬಲ್ ಸುಳ್ಳಾದ್ರ 2006ರ ಆಹಾರ ಸುರಕ್ಷತಾ ಕಾಯ್ದೆಯಲ್ಲಿ 3 ಲಕ್ಷ ರೂಪಾಯಿ ತನಕ ದಂಡ ಐತಿ. ಅಂದ್ರ ಆ ಹೇಳಿಕೆಯ ಹಿಂದ ಒಂದು ಹೆಸರು, ಒಂದು ಜವಾಬ್ದಾರಿ ಐತಿ. ಹೆಸರಿಲ್ಲದ ಫಾರ್ವರ್ಡ್ ಹಿಂದ ಏನೈತಿ?

ಇನ್ನ ಆರೋಪವನ್ನೇ ತೂಗಿ ನೋಡ್ರಿ. ರೆನೆಟ್ ಹಾಲು ಗಟ್ಟಿ ಮಾಡೋ ಕಿಣ್ವ, ಚೀಸ್ ಮಾಡಾಕ ಬಳಸ್ತಾರ. ಇಡ್ಲಿ ಹಿಟ್ಟಿನ್ಯಾಗ ಹಾಲೇ ಇಲ್ಲ, ಅಲ್ಲಿ ಅದಕ್ಕೇನು ಕೆಲಸ? ಹಿಟ್ಟು ಉಬ್ಬೋದು ಹುಳಿ ಬರೋವಾಗ ಹುಟ್ಟೋ ಗಾಳಿಯಿಂದ, ಆ ಗಾಳಿ ಹಿಡಿದಿಡೋದು ಉದ್ದಿನ ಲೋಳೆ. ರಾತ್ರಿ ರುಬ್ಬಿಟ್ಟ ಹಿಟ್ಟು ಬೆಳಿಗ್ಗೆ ಪಾತ್ರೆ ಮೀರಿ ಬರೋದನ್ನ ನೋಡಿದ ಯಾರಿಗಾದ್ರೂ ಇದು ಗೊತ್ತು. "ಬೆಂಕಿ ಇಲ್ಲದ ಹೊಗೆ ಬರಲ್ಲ" ಅನ್ನೋರು ಮೊದಲು ತಮ್ಮ ಮನೆ ಪಾತ್ರೆ ಮುಚ್ಚಳ ತೆಗೀಲಿ.

ಐಡಿ ದೊಡ್ಡದಾಗಿತ್ತು. ಹೇಳಿಕೆ ಕೊಡ್ತು, ಪೇಪರ್‌ನೋರು ಬರೆದ್ರು. ಮಾನ್ವಿಯಲ್ಲೋ ದೇವದುರ್ಗದಲ್ಲೋ ಮನೆಯಲ್ಲಿ ಹಿಟ್ಟು ರುಬ್ಬಿ ಪ್ಯಾಕೆಟ್ ಮಾರೋ ಅಕ್ಕನ ಮ್ಯಾಲೆ ಇಂಥದ್ದೇ ಬಂದ್ರ? ಅವರ ಮಾಲು ನಾಲ್ಕು ದಿನ ಕಾಯಂಗಿಲ್ಲ, ಹುಳಿ ಆಗಿ ಹೋಗ್ತದ. ಸತ್ಯ ಹೊರಗ ಬರೋ ಹೊತ್ತಿಗೆ ಕೊಳ್ಳೋರು ಬ್ಯಾರೆ ಅಂಗಡಿ ಹಿಡಿದಿರ್ತಾರ. ಅವರ ಉತ್ತರ ಬರೋದಿದ್ರ ಅವತ್ತೇ, ಅದೇ ಗ್ರೂಪ್‌ನ್ಯಾಗ ಬರಬೇಕು: ಏನು ಹಾಕ್ತೀನಿ, ಲೈಸೆನ್ಸ್ ನಂಬರ್ ಇದು, ಬಂದು ನೋಡ್ರಿ. ಅಷ್ಟು ಸಾಕು. ಅದನ್ನ ನೀವು ಮುಂದಕ್ಕ ಕಳಿಸ್ತೀರಾ, ಇಲ್ಲ ಎಲುಬಿನ ಕಥೆ ಅಷ್ಟೇ ಕಳಿಸ್ತೀರಾ? ಕಮೆಂಟ್‌ನಲ್ಲಿ ಹೇಳ್ರಿ.

#ರಾಯಚೂರು #ಮಾನ್ವಿ #ದೇವದುರ್ಗ